‘ಶಕ್ತಿ = ಶಕ್ತಿ × ಕಾಲ’ ಆಗದಂತೆ ಪದಪಟ್ಟಿ ಮಾಡುವುದು ಹೇಗೆ?

ಪ್ರಶ್ನೆ: ನಾವು ನಾಲ್ಕು ಜನ ಶಿಕ್ಷಕರು ಸೇರಿ ಪ್ರೌಢಶಾಲೆಯ ಒಂದು ವಿಜ್ಞಾನ ಪುಸ್ತಕವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇವೆ. ಒಟ್ಟು 14 ಅಧ್ಯಾಯ, ಹಂಚಿಕೊಂಡಿದ್ದೇವೆ. ಮೊದಲೆರಡು ಅಧ್ಯಾಯ ಮುಗಿಯುವಷ್ಟರಲ್ಲೇ ಒಬ್ಬೊಬ್ಬರದು ಒಂದೊಂದು ಪದ ಆಗಿದೆ. ಮೊದಲೇ ಪದಪಟ್ಟಿ ಮಾಡಿಕೊಳ್ಳಿ ಅಂತಾರೆ. ಹೇಗೆ ಮಾಡಬೇಕು, ಎಷ್ಟು ಪದ ಹಾಕಬೇಕು?
— ಶಿಕ್ಷಕಿ, ಅರಸೀಕೆರೆ

ಉತ್ತರ: ಮೇಡಂ, ಮೂರನೇ ಅಧ್ಯಾಯಕ್ಕೆ ಕೈ ಹಾಕಬೇಡಿ. ಒಂದು ವಾರ ಅನುವಾದ ನಿಲ್ಲಿಸಿ. ನಾಲ್ವರೂ ಇಡೀ ಪುಸ್ತಕ ಓದಿ, ಬರೀ ನಿಮ್ಮ ಪಾಲಿನ ಅಧ್ಯಾಯಗಳನ್ನಲ್ಲ. ಎರಡು ಅಥವಾ ಹೆಚ್ಚು ಅಧ್ಯಾಯಗಳಲ್ಲಿ ಬರುವ ಪದಗಳನ್ನು ಮೊದಲು ಗುರುತು ಹಾಕಿ. ಜಗಳ ಆಗುವುದು ಅವುಗಳಲ್ಲೇ. ಒಂದೇ ಅಧ್ಯಾಯದಲ್ಲಿ ಬಂದು ಹೋಗುವ ಪದವನ್ನು ಅದನ್ನು ಮಾಡುವವರೇ ನೋಡಿಕೊಳ್ಳಲಿ. ಬಲ್ಬ್, ಸ್ವಿಚ್, ಬೀಕರ್ ಇವೆಲ್ಲ ಪಟ್ಟಿಗೆ ಬೇಕಿಲ್ಲ.

ಒಂದೇ ಪದ ಹಿಡಿದು ತೋರಿಸುತ್ತೇನೆ. ‘ಪವರ್’ ತೆಗೆದುಕೊಳ್ಳಿ. ಇದನ್ನು ಒಂದು ಪದ ಅಂತ ಎಣಿಸಿದರೆ ಕೆಟ್ಟಿತು. ಕೆಲಸ ಮತ್ತು ಶಕ್ತಿಯ ಪಾಠದಲ್ಲಿ ಅದು ಒಂದು ಸೆಕೆಂಡಿಗೆ ಎಷ್ಟು ಕೆಲಸ ಆಯ್ತು ಅನ್ನುವ ಲೆಕ್ಕ, ಮೂಲಮಾನ ವ್ಯಾಟ್. ಬೆಳಕಿನ ಪಾಠದಲ್ಲಿ ಮಸೂರದ ಪವರ್. ಹಾಸನದ ಕನ್ನಡಕದಂಗಡಿಯಲ್ಲಿ ‘ಪವರ್ ಎಷ್ಟು ಬಂತು?’ ಅಂತ ಕೇಳುತ್ತೇವಲ್ಲ, ಅದು. ದೊಡ್ಡ ಸಂಖ್ಯೆ ಬರೆಯುವಾಗ ಹತ್ತರ ಪವರ್ ಆರು. ಜೀವಕೋಶದ ಪಾಠದಲ್ಲಿ ಮೈಟೋಕಾಂಡ್ರಿಯಾ ಕೋಶದ ಪವರ್‌ಹೌಸ್. ಇನ್ನೊಂದು ಕಡೆ ಸುಮ್ನೆ ಪವರ್ ಕಟ್, ಅಂದರೆ ಕರೆಂಟ್ ಹೋಯ್ತು ಅಂತ. ಐದು ಅರ್ಥ, ಆದ್ದರಿಂದ ಪಟ್ಟಿಯಲ್ಲಿ ಐದು ಸಾಲು. ಮೊದಲೆರಡಕ್ಕೆ ಸಾಮರ್ಥ್ಯ, ಮೂರನೆಯದಕ್ಕೆ ಘಾತ, ನಾಲ್ಕನೆಯದಕ್ಕೆ ಶಕ್ತಿಕೇಂದ್ರ, ಐದನೆಯದಕ್ಕೆ ವಿದ್ಯುತ್ ಪೂರೈಕೆ.

ಇಷ್ಟು ಮಾಡದೆ ಹೋದರೆ ಏನಾಗುತ್ತದೆ? ನಾನು ಇನ್ನಿಬ್ಬರ ಜೊತೆ ಸೇರಿ ಮಾಡಿದ ಮೊದಲ ಪುಸ್ತಕದಲ್ಲಿ ಬಲದ ಪಾಠ ಮಾಡಿದವರು ಫೋರ್ಸ್‌ಗೆ ಒಂದೆರಡು ಕಡೆ ‘ಶಕ್ತಿ’ ಅಂತ ಬರೆದಿದ್ದರು. ಎನರ್ಜಿಗೆ ಹೇಗೂ ಶಕ್ತಿ. ವಿದ್ಯುತ್ ಪಾಠ ನನ್ನದು, ಪವರ್‌ಗೆ ನಾನು ‘ವಿದ್ಯುತ್ ಶಕ್ತಿ’ ಅಂದಿದ್ದೆ. ಬಿಡಿಬಿಡಿಯಾಗಿ ಓದಿದರೆ ಒಂದೂ ತಪ್ಪು ಅನ್ನಿಸುವುದಿಲ್ಲ, ಮಾತಿನಲ್ಲಿ ಹಾಗೇ ಅನ್ನುತ್ತೇವಲ್ಲ. ಲೆಕ್ಕ ಬಂದಾಗ ಸಿಕ್ಕಿಬಿದ್ದೆವು. 100 ವ್ಯಾಟ್ ಬಲ್ಬ್ 10 ಗಂಟೆ ಉರಿದರೆ 1000 ವ್ಯಾಟ್-ಗಂಟೆ, ಅಂದರೆ ಕರೆಂಟ್ ಬಿಲ್ಲಿನ 1 ಯೂನಿಟ್. ನಮ್ಮ ಕರಡಿನಲ್ಲಿ ಅದರ ಸೂತ್ರ ಹೀಗಿತ್ತು: ಶಕ್ತಿ = ಶಕ್ತಿ × ಕಾಲ. ಇದನ್ನು ಓದಿದ ಮಗು ಏನು ಮಾಡಬೇಕು ಹೇಳಿ. ಸಾಮರ್ಥ್ಯ ಅಂತ ಹಾಕಿದ ಮೇಲೆ ಸರಿಹೋಯ್ತು: ಶಕ್ತಿ = ಸಾಮರ್ಥ್ಯ × ಕಾಲ.

ಹಾಗಾಗಿ ಪಟ್ಟಿಯಲ್ಲಿ ಎರಡೇ ಕಾಲಮ್ ಇದ್ದರೆ ಸಾಲದು. ಇಂಗ್ಲಿಷ್ ಪದ, ಅದರ ಅರ್ಥ ಮತ್ತು ಬರುವ ಅಧ್ಯಾಯ, ಕನ್ನಡ ಪದ, ‘ಇದನ್ನು ಬಳಸಬೇಡಿ’, ಕೊನೆಗೆ ಪದ ಬಳಸಿದ ಒಂದು ವಾಕ್ಯ. ನಾಲ್ಕನೇ ಕಾಲಮ್ಮನ್ನು ಜನ ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಜಾಸ್ತಿ ಕೆಲಸಕ್ಕೆ ಬರುವುದೇ ಅದು. ‘ಸಾಮರ್ಥ್ಯ’ದ ಪಕ್ಕ ‘ಶಕ್ತಿ, ವಿದ್ಯುತ್ ಶಕ್ತಿ ಬೇಡ’ ಅಂತ ಕಾಣದಿದ್ದರೆ ಕೈ ತಾನಾಗೇ ಹಳೇ ದಾರಿ ಹಿಡಿಯುತ್ತದೆ.

ಕನ್ನಡ ಪದ ಎಲ್ಲಿಂದ ತರುವುದು? ಮೊದಲು ರಾಜ್ಯದ ಪಠ್ಯಪುಸ್ತಕಗಳಲ್ಲಿ ಹುಡುಕಿ. ಮಕ್ಕಳು ಪರೀಕ್ಷೆ ಬರೆಯುವುದು ಆ ಪದಗಳಲ್ಲೇ. ವೇಗೋತ್ಕರ್ಷ ನಿಮಗೆ ಇಷ್ಟ ಆಗದಿರಬಹುದು, ನನಗೂ ಅಷ್ಟಕ್ಕಷ್ಟೇ, ಆದರೂ ಬದಲಿಸಬೇಡಿ. ಹೊಸ ಪದ ಕಟ್ಟುವುದು ಅಲ್ಲಿ ಸಿಗದಿದ್ದಾಗ ಮಾತ್ರ. ಯಾವ ಪದವಾದರೂ ಅದರ ಬಳಗವನ್ನೂ ಪರೀಕ್ಷಿಸಿ. ರಿಫ್ಲೆಕ್ಷನ್‌ಗೆ ಪ್ರತಿಫಲನ ಅಂದರೆ ಪ್ರತಿಫಲಿಸು, ಪ್ರತಿಫಲಿತ ಕಿರಣ, ಪ್ರತಿಫಲಕ ಎಲ್ಲ ಸಲೀಸಾಗಿ ಬರುತ್ತವೆ. ಅದೇ ಜಾಗಕ್ಕೆ ಪ್ರತಿಬಿಂಬ ಹಾಕಿದಿರೋ, ನಾಲ್ಕು ಪುಟ ದಾಟಿ ಇಮೇಜ್ ಬಂದಾಗ ಪದವೇ ಉಳಿದಿರುವುದಿಲ್ಲ.

ನಮ್ಮ ಕಡೆಯ ಮಾತನ್ನೂ ಒಂದು ಕಣ್ಣಿಟ್ಟು ನೋಡಿ. ಸಕಲೇಶಪುರ, ಮೂಡಿಗೆರೆ ಕಡೆಯ ಮಕ್ಕಳಿಗೆ ತೋಟಕ್ಕೆ ಹೊಡೆಯುವ ‘ಬೋರ್ಡೋ ದ್ರಾವಣ’ ಗೊತ್ತು. ಮೈಲುತುತ್ತ, ಸುಣ್ಣ ಕಲಸಿ ಮಾಡುವ ಆ ನೀಲಿ ನೀರನ್ನು ಸುಮ್ನೆ ಬಿಟ್ಟರೆ ತಳದಲ್ಲಿ ಕೂರುತ್ತದೆ. ರಸಾಯನಶಾಸ್ತ್ರದ ಲೆಕ್ಕದಲ್ಲಿ ಅದು ದ್ರಾವಣವೇ ಅಲ್ಲ, ನಿಲಂಬನ. ಸಲ್ಯೂಷನ್‌ಗೆ ದ್ರಾವಣ ಬಿಟ್ಟು ಬೇರೆ ಪದ ಹುಡುಕಬೇಕಿಲ್ಲ. ಆದರೆ ಟಿಪ್ಪಣಿ ಬರೆದಿಡಿ: ಈ ಪಾಠದಲ್ಲಿ ಬೋರ್ಡೋ ಉದಾಹರಣೆ ಬಂದರೆ ‘ಬೋರ್ಡೋ ಮಿಶ್ರಣ’ ಅಂತಲೇ ಬರೆಯಬೇಕು.

ಪಟ್ಟಿ ಎಕ್ಸೆಲ್‌ನಲ್ಲಿರಲಿ. ಕನ್ನಡ ಪದ ಮೂರನೇ ಕಾಲಮ್ಮಿನಲ್ಲಿದ್ದರೆ, ಖಾಲಿ ಕಾಲಮ್ಮಿನ ಎರಡನೇ ಸಾಲಿನಲ್ಲಿ ಇದನ್ನು ಹಾಕಿ ಕೆಳಗೆ ಎಳೆಯಿರಿ:

```
=COUNTIF(C:C,C2)>1
```

`TRUE` ಬಂದ ಕಡೆಯೆಲ್ಲ ಒಂದೇ ಕನ್ನಡ ಪದ ಎರಡು ಸಾಲಿನಲ್ಲಿದೆ ಅಂತ ಅರ್ಥ. ಎಲ್ಲವೂ ತಪ್ಪಲ್ಲ. ಮೋಟಾರಿನ ಸಾಮರ್ಥ್ಯ, ಮಸೂರದ ಸಾಮರ್ಥ್ಯ ಎರಡೂ ಇರಬಹುದು, ಅವು ಎದುರಾಗುವುದಿಲ್ಲ. ಫೋರ್ಸ್, ಎನರ್ಜಿ ಎರಡರ ಎದುರೂ ಶಕ್ತಿ ಇದ್ದರೆ ಅಲ್ಲೇ ನಿಲ್ಲಿ. ಆ ಕಾಲಮ್ಮಿನಲ್ಲಿ ಬರೀ ಪದ ಇರಬೇಕು. ಕೊನೆಗೆ ಒಂದು ಖಾಲಿ ಜಾಗ ಉಳಿದರೂ ಲೆಕ್ಕ ತಪ್ಪುತ್ತದೆ.

ಆಮೇಲೆ ದೂರದೂರದ ಎರಡು ಅಧ್ಯಾಯಗಳಿಂದ ಒಂದೊಂದು ಪುಟ ಅನುವಾದಿಸಿ ನೋಡಿ. ಅಲ್ಲಿ ಎಡವಿದ ಪದಗಳನ್ನು ತಿದ್ದಿ ಪಟ್ಟಿಗೆ ಬೀಗ ಹಾಕಿ. ಬೀಗದ ಕೈ ಒಬ್ಬರ ಹತ್ತಿರ ಮಾತ್ರ ಇರಲಿ. ಯಾರಿಗೇ ಪದ ಬದಲಿಸಬೇಕು ಅನ್ನಿಸಿದರೂ ಅವರಿಗೆ ಹೇಳಬೇಕು, ಅವರು ದಿನಾಂಕ ಹಾಕಿ ಬದಲಿಸಿ ಎಲ್ಲರಿಗೂ ತಿಳಿಸಬೇಕು. ಮುಗಿದಿರುವ ನಿಮ್ಮ ಎರಡು ಅಧ್ಯಾಯಗಳನ್ನು ಈ ಪಟ್ಟಿಗೆ ಹೊಂದಿಸುವುದನ್ನೂ ಮರೆಯಬೇಡಿ.

ಕೊನೆಯ ಪರಿಶೀಲನೆಯಲ್ಲಿ ‘ಬಳಸಬೇಡಿ’ ಪದಗಳನ್ನು ಒಂದೊಂದಾಗಿ ಹುಡುಕಬೇಕು. ಇಲ್ಲಿ ನಮ್ಮ ಸಂಧಿ ಆಟ ಆಡಿಸುತ್ತದೆ. ‘ಶಕ್ತಿ’ ಅಂತ ಹುಡುಕಿದರೆ ‘ವಿದ್ಯುಚ್ಛಕ್ತಿ’ ಸಿಗುವುದಿಲ್ಲ, ಅದರೊಳಗೆ ಶಕಾರವೇ ಇಲ್ಲವಲ್ಲ! ‘ಚ್ಛಕ್ತಿ’ ಅಂತ ಬೇರೆಯಾಗಿ ಹುಡುಕಬೇಕು. ‘ಆವೇಶ’ ಅಂದರೆ ‘ವಿದ್ಯುದಾವೇಶ’ವೂ ತಪ್ಪಿಸಿಕೊಳ್ಳುತ್ತದೆ. ಇಂಥ ರೂಪಗಳನ್ನು ಪಟ್ಟಿಯಲ್ಲೇ ಬರೆದಿಟ್ಟುಕೊಂಡರೆ ಕೊನೇ ಗಳಿಗೆಯ ಪರದಾಟ ಇಲ್ಲ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಅಧ್ಯಾಯ ಇದ್ದರೆ ಮೊದಲು ಯೂನಿಕೋಡ್‌ಗೆ ತನ್ನಿ, ಇಲ್ಲದಿದ್ದರೆ ಹುಡುಕಾಟಕ್ಕೆ ಏನೂ ಸಿಗುವುದಿಲ್ಲ.

ಚಿತ್ರದೊಳಗಿನ ಪದಗಳಂತೂ ಯಾವ ಹುಡುಕಾಟಕ್ಕೂ ಸಿಗುವುದಿಲ್ಲ. ನಮ್ಮ ಪುಸ್ತಕ ಅಚ್ಚಾಗಿ ಬಂದಾಗ ಪಾಠದಲ್ಲೆಲ್ಲ ‘ಸಾಮರ್ಥ್ಯ’ ಇತ್ತು, ಮೀಟರಿನ ಚಿತ್ರದ ಕೆಳಗೆ ಮಾತ್ರ ‘ಶಕ್ತಿ (ವ್ಯಾಟ್)’ ಹಾಗೇ ಕೂತಿತ್ತು. ಚಿತ್ರಗಳನ್ನು ಡಿಟಿಪಿಯವರಿಗೆ ನಾವು ಪಟ್ಟಿ ಮಾಡುವ ಮೊದಲೇ ಕೊಟ್ಟುಬಿಟ್ಟಿದ್ದೆವು. ನೀವು ಚಿತ್ರಗಳ ಪ್ರೂಫನ್ನು ಪಟ್ಟಿ ಪಕ್ಕದಲ್ಲಿಟ್ಟುಕೊಂಡು ಕಣ್ಣಿನಿಂದಲೇ ನೋಡಿ.