ನಡೆಯುವಾಗ ಸೊಂಟದ ಪಕ್ಕ ಟಕ್ ಅನ್ನುತ್ತದೆ, ಕೀಲು ಜಾರುತ್ತಿದೆಯಾ?

"ವಯಸ್ಸು 34. ಒಂದು ತಿಂಗಳಿಂದ ನಡೆಯುವಾಗ ಬಲಗಡೆ ಸೊಂಟದ ಪಕ್ಕ ಏನೋ ಟಕ್ ಅಂತ ಜಾರಿದ ಹಾಗೆ ಆಗುತ್ತೆ, ಒಮ್ಮೊಮ್ಮೆ ಮುಂದೆ ತೊಡೆಸಂದಿನಲ್ಲೂ ಅನಿಸುತ್ತೆ. ನೋವಿಲ್ಲ. ಡಾಕ್ಟರ್ ಹತ್ರ ಹೋಗಬೇಕಾ?"

ನೋವಿಲ್ಲ, ಬಿದ್ದಿಲ್ಲ, ಕುಂಟುತ್ತಿಲ್ಲ ಅಂದರೆ ಓಡಿಹೋಗಬೇಕಾಗಿಲ್ಲ. ನಾನು ಫಿಸಿಯೋಥೆರಪಿಸ್ಟ್. ನನ್ನ ಎಡಗಡೆಯದ್ದೇ ವರ್ಷಗಟ್ಟಲೆಯಿಂದ ಟಕ್ ಟಕ್ ಅನ್ನುತ್ತಿದೆ, ಮೆಟ್ಟಿಲು ಹತ್ತುವಾಗ ಇನ್ನೂ ಜಾಸ್ತಿ. ಏನೂ ಮಾಡಿಸಿಲ್ಲ.

ಹೆಚ್ಚಿನವರಿಗೆ ಜಾರುವುದು ಕೀಲಲ್ಲ. ಪಕ್ಕದಲ್ಲಿ ಕೈಯಿಟ್ಟರೆ ತೊಡೆಮೂಳೆಯ ಗಟ್ಟಿ ಉಬ್ಬು ಸಿಗುತ್ತದೆ ಅಲ್ವಾ, ಅದರ ಮೇಲೆ ಬೆಲ್ಟ್ ಥರ ಒಂದು ದಪ್ಪ ಪಟ್ಟಿ ಹಾದುಹೋಗುತ್ತದೆ. ಐಟಿ ಬ್ಯಾಂಡ್ ಅನ್ನುತ್ತೇವೆ. ಕಾಲು ಹಿಂದೆ ಮುಂದೆ ಹೋದಾಗ ಅದು ಉಬ್ಬಿನ ಮೇಲೆ ಹಾರಿ ಆ ಕಡೆಗೆ ಬೀಳುತ್ತದೆ. ನೋಡುವವರಿಗೆ ಮೂಳೆಯೇ ಹೊರಗೆ ಬಂದು ಹೋದ ಹಾಗೆ ಕಾಣುತ್ತದೆ, ಅದಕ್ಕೇ ಮನೆಯವರು ಹೆದರುವುದು. ಮುಂದುಗಡೆಯದ್ದು ಬೇರೆ. ತೊಡೆ ಮೇಲೆತ್ತುವ ಸೋವಾಸ್ ಸ್ನಾಯುವಿನ ಹುರಿ ಕೀಲಿನ ಮುಂದಿನ ಮೂಳೆಯ ಮೇಲೆ ಉರುಳುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ಆದರೆ ಕೆಲವರದ್ದು ಪಕ್ಕದಲ್ಲಿ ಕೂತವರಿಗೂ ಕೇಳಿಸುತ್ತದೆ.

ನಿಮ್ಮದು ಯಾವುದು ಅಂತ ಮನೆಯಲ್ಲೇ ನೋಡಬಹುದು. ಎಡಮಗ್ಗುಲಿಗೆ ಮಲಗಿ, ಬಲಗೈ ಅಂಗೈಯನ್ನು ಆ ಉಬ್ಬಿನ ಮೇಲಿಡಿ, ಬಲಗಾಲನ್ನು ಸೈಕಲ್ ತುಳಿದ ಹಾಗೆ ನಿಧಾನಕ್ಕೆ ಹಿಂದೆ ಮುಂದೆ ಆಡಿಸಿ. ಅಂಗೈ ಕೆಳಗೆ ಪಟ್ಟಿ ಹಾರಿದ್ದು ಗೊತ್ತಾಗಿ, ಗಟ್ಟಿಯಾಗಿ ಒತ್ತಿ ಹಿಡಿದಾಗ ಅದು ನಿಂತುಹೋದರೆ ಪಕ್ಕದ್ದೇ. ಆಮೇಲೆ ಅಂಗಾತ ಮಲಗಿ, ಮೊಣಕಾಲು ಮಡಚಿ ಹೊರಗಡೆ ಬೀಳಲು ಬಿಟ್ಟು, ಅಲ್ಲಿಂದ ಕಾಲನ್ನು ನಿಧಾನಕ್ಕೆ ನೆಟ್ಟಗೆ ಮಾಡಿ. ತೊಡೆಸಂದಿನಲ್ಲಿ ಧಡಕ್ ಅಂದರೆ ಮುಂದಿನ ಹುರಿ. ಎರಡು ಮೂರು ಸಲ ಸಾಕು, ಯಾಕೆ ಅಂತ ಹೇಳುತ್ತೇನೆ.

ನನ್ನ ಹತ್ತಿರ ಒಬ್ಬ ಭರತನಾಟ್ಯದ ಹುಡುಗಿ ಬಂದಿದ್ದಳು. ಮುಂದುಗಡೆಯ ಸದ್ದು ಅವಳಿಗೆ ಹೈಸ್ಕೂಲಿನಿಂದಲೂ ಇತ್ತು, ನೋವಿರಲಿಲ್ಲ. ಯಾರೋ "ಕೀಲು ಸವೆಯುತ್ತೆ" ಅಂದರಂತೆ. ಅವತ್ತಿನಿಂದ ಹೋಯಿತಾ ಇದೆಯಾ ಅಂತ ದಿನಕ್ಕೆ ಮೂವತ್ತು ನಲವತ್ತು ಸಲ ಬೇಕಂತಲೇ ಟಕ್ ಅನ್ನಿಸಿ ನೋಡಲು ಶುರುಮಾಡಿದ್ದಾಳೆ. ಒಂದು ತಿಂಗಳಲ್ಲಿ ತೊಡೆಸಂದು ನೋಯತೊಡಗಿತು. ಹುರಿ ಮತ್ತೆ ಮತ್ತೆ ಉಜ್ಜಿ ಅಲ್ಲಿನ ನೀರಿನ ಚೀಲ ಕೆರಳಿತ್ತು, ಅಷ್ಟೇ. ಮೂರು ವಾರ ಆ ಸದ್ದು ಬರುವ ಚಲನೆಯನ್ನೇ ಬಿಡಿಸಿದೆ, ಅರಮಂಡಿಯ ಆಳ ಕಡಿಮೆ ಮಾಡಿಸಿದೆ. ಒಂದು ಮೊಣಕಾಲೂರಿ ತೊಡೆಯ ಮುಂಭಾಗ ಹಿಗ್ಗಿಸುವುದು, ಒಂದು ಸಲಕ್ಕೆ 30 ಸೆಕೆಂಡಿನಂತೆ ಮೂರು ಸಲ. ಜೊತೆಗೆ ಮಗ್ಗುಲಾಗಿ ಮಲಗಿ ಕಾಲೆತ್ತುವುದು. ಮೂರನೇ ತಿಂಗಳಿಗೆ ನೋವು ಹೋಯಿತು. ಸದ್ದು ಹೋಗಲಿಲ್ಲ, ಹೋಗಬೇಕಾಗಿಯೂ ಇರಲಿಲ್ಲ.

ಹಾಗಾದರೆ ಯಾವಾಗ ಹೋಗಬೇಕು? ಸದ್ದಿನ ಜೊತೆ ಕೀಲು ಸಿಕ್ಕಿಹಾಕಿಕೊಂಡ ಹಾಗೆ ಆದರೆ. ಕಾರಿನಿಂದ ಇಳಿಯುವಾಗ, ಸಾಕ್ಸ್ ಹಾಕುವಾಗ ಒಳಗೆ ಚುಚ್ಚಿ ಒಂದು ಕ್ಷಣ ಕಾಲು ಮುಂದಕ್ಕೇ ಬರುವುದಿಲ್ಲ ಅಥವಾ ಕುಸಿದ ಹಾಗಾಗುತ್ತದೆ. ಎಲ್ಲಿ ನೋವು ಅಂತ ಕೇಳಿದರೆ ಇಂಥವರು ಬೆರಳಿಟ್ಟು ತೋರಿಸುವುದಿಲ್ಲ. ಹೆಬ್ಬೆರಳು ಹಿಂದೆ, ಉಳಿದ ಬೆರಳು ಮುಂದೆ ಮಾಡಿ ಸೊಂಟವನ್ನೇ ಹಿಡಿದು "ಒಳಗೆಲ್ಲೋ" ಅನ್ನುತ್ತಾರೆ. ಅದನ್ನು ಕಂಡರೆ ನಾನು ವ್ಯಾಯಾಮ ಹೇಳಿಕೊಡುವುದಿಲ್ಲ, ಮೂಳೆ ಡಾಕ್ಟರ ಹತ್ತಿರ ಕಳಿಸುತ್ತೇನೆ, ಯಾಕೆಂದರೆ ಕೀಲಿನ ಬಟ್ಟಲಿನ ಅಂಚು ಹರಿದಿರಬಹುದು, ಒಳಗೆ ಚೂರು ಓಡಾಡುತ್ತಿರಬಹುದು, ಅದು ಪಟ್ಟಿ ಹಿಗ್ಗಿಸಿದರೆ ಸರಿಹೋಗುವಂಥದ್ದಲ್ಲ.

ಇನ್ನೊಂದು, ಇದನ್ನು ಮುಂದೂಡಲೇಬೇಡಿ. ಓಟ ಅಥವಾ ನಡಿಗೆ ಇದ್ದಕ್ಕಿದ್ದಂತೆ ಹೆಚ್ಚಿಸಿದ ಮೇಲೆ ತೊಡೆಸಂದು ನೋಯುತ್ತಾ ದಿನದಿಂದ ದಿನಕ್ಕೆ ಜಾಸ್ತಿಯಾದರೆ, ಕಾಲೂರಿದಾಗೆಲ್ಲ ನೋವು ಬಂದರೆ, ತೊಡೆಮೂಳೆಯ ಕತ್ತಿನಲ್ಲಿ ಸೀಳು ಬಿಟ್ಟಿರುವ ಸಾಧ್ಯತೆ ಇದೆ. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಕಾಣದೇ ಹೋಗಬಹುದು, ಎಂಆರ್‌ಐ ಬೇಕಾಗುತ್ತದೆ, ಅಲ್ಲಿಯವರೆಗೆ ಆ ಕಾಲಿಗೆ ಭಾರ ಹಾಕಬಾರದು. ತುಂಬಾ ದಿನ ಸ್ಟೀರಾಯ್ಡ್ ತಗೊಂಡವರಿಗೆ ತೊಡೆಸಂದು ನೋವು ಬಂದರೂ ಅಷ್ಟೇ, ಬೇಗ ತೋರಿಸಬೇಕು. ರಾತ್ರಿ ನೋವು, ಜ್ವರ, ಬಿದ್ದ ಮೇಲೆ ಶುರುವಾದ ಸದ್ದು, ಇವಕ್ಕೂ ಕಾಯುವುದು ಬೇಡ.

ನಿಮಗೆ ಪಕ್ಕದಲ್ಲೂ ಮುಂದುಗಡೆಯೂ ಅನಿಸುತ್ತದೆ ಅಂದಿರಿ, ಒಂದು ಕಡೆಯದ್ದೇ ಎರಡು ಕಡೆ ಅನಿಸುತ್ತಿರಬಹುದು. ಇವತ್ತು ಮಲಗುವ ಮುಂಚೆ ಪರೀಕ್ಷೆ ಮಾಡಿ ಯಾವುದು ಅಂತ ಇಲ್ಲಿ ಬರೆಯಿರಿ. ಹಾಂ, ಕಾಲಮೇಲೆ ಕಾಲು ಹಾಕಿ ಕೂರುವ ಅಭ್ಯಾಸ ಇದೆಯಾ ಅಂತಲೂ ಹೇಳಿ.