ಬಚ್ಚಲ ನೀರಿಗೆ ಬೇರೆ ಅರ್ಥ ಬೇಕೆ?

ಸಂಪಾದಕರಿಗೆ ನಮಸ್ಕಾರ. ಇತ್ತೀಚೆಗೆ ಒಂದು ಉಪನ್ಯಾಸ ಕೇಳಿದೆ. ಬಸವಣ್ಣನವರ ‘ಕಿಚ್ಚು ದೈವವೆಂದು’ ವಚನದಲ್ಲಿ ಕಿಚ್ಚು ಎಂದರೆ ಕಾಮ, ಮನೆ ಎಂದರೆ ದೇಹ, ಬಚ್ಚಲ ನೀರು ಎಂದರೆ ಮಲಿನ ಮನಸ್ಸು ಎಂದರು. ನನಗೆ ಅದರಲ್ಲಿ ಬೆಂಕಿ ಬಿದ್ದ ಒಂದು ಮನೆ ಮಾತ್ರ ಕಾಣುತ್ತದೆ. ನನ್ನ ಓದು ತೀರಾ ಮೇಲುಮೇಲಿನದೇ?
– ಒಬ್ಬ ಓದುಗರು

ಮೇಲುಮೇಲಿನದಲ್ಲ. ಮೊದಲು ವಚನವನ್ನೇ ಇಟ್ಟುಕೊಳ್ಳೋಣ:

ಕಿಚ್ಚು ದೈವವೆಂದು ಹವಿಯನಿಕ್ಕುವ ಹಾರುವರ ಮನೆಯಲು
ಕಿಚ್ಚೆದ್ದು ಸುಡುವಾಗ
ಬಚ್ಚಲ ನೀರ, ಬೀದಿಯ ಧೂಳ ಹೊಯ್ದು
ಬೊಬ್ಬಿಟ್ಟೆಲ್ಲರ ಕರೆವರಯ್ಯಾ!
ಕೂಡಲಸಂಗಮದೇವಾ, ವಂದನೆಯ ಮರೆದು ನಿಂದಿಸುತ್ತಿದ್ದರು.

ಮೊದಲ ಪದವೇ ನೋಡಿ. ಅಗ್ನಿ ಅನ್ನಲಿಲ್ಲ, ಕಿಚ್ಚು ಅಂದರು. ಅಗ್ನಿ ಹೋಮಕುಂಡದ ಮಾತು, ಕಿಚ್ಚು ಒಲೆಯ, ಹೊಟ್ಟೆಯ, ಬಣವೆಯ ಮಾತು. ಪಕ್ಕದಲ್ಲೇ ‘ಹವಿ’ ಎಂಬ ಯಜ್ಞದ ಪದ ಬರುತ್ತದೆ, ಆದರೆ ಅದರ ಕ್ರಿಯಾಪದ ‘ಇಕ್ಕು’. ಊಟಕ್ಕೆ ಕೂತವರಿಗೆ ಅನ್ನ ಬಡಿಸುವುದಕ್ಕೂ ದನಕ್ಕೆ ಮೇವು ಹಾಕುವುದಕ್ಕೂ ಇದೇ ಪದ. ದೇವರಾಗಿದ್ದ ಬೆಂಕಿ ಮೊದಲ ಸಾಲಿನಲ್ಲೇ ಅಡುಗೆಮನೆಗೆ ಇಳಿದುಬಿಟ್ಟಿದೆ.

ಇನ್ನು ಬಚ್ಚಲ ನೀರು. ಬಾವಿಯ ನೀರು ಅನ್ನಬಹುದಿತ್ತು. ಬೆಂಕಿ ಆರಿಸಲು ಎರಡೂ ಒಂದೇ. ಆದರೆ ಮಡಿಯ ಮನೆಯಲ್ಲಿ ಬಚ್ಚಲ ನೀರು ಮೈಲಿಗೆ, ಹತ್ತು ಜನ ತುಳಿದ ಬೀದಿಯ ಧೂಳೂ ಮೈಲಿಗೆ. ಬೆಳಿಗ್ಗೆ ತುಪ್ಪ ಸುರಿದದ್ದರ ಮೇಲೆ ಈಗ ಅವೆರಡನ್ನೂ ಎರಚುತ್ತಿದ್ದಾರೆ. ಮಂತ್ರ ಹೇಳುತ್ತಿದ್ದ ಬಾಯಿ ಬೊಬ್ಬೆ ಹೊಡೆಯುತ್ತಿದೆ. ನನಗೆ ಎಲ್ಲಕ್ಕಿಂತ ಹಿಡಿಸುವುದು ‘ಎಲ್ಲರ ಕರೆವರು’ ಎಂಬ ಎರಡು ಪದ. ಹೋಮದ ಹೊತ್ತಿನಲ್ಲಿ ಹೊಸ್ತಿಲ ಆಚೆಗೇ ನಿಲ್ಲಬೇಕಾದವರೂ ಆ ‘ಎಲ್ಲರ’ಲ್ಲಿ ಸೇರುತ್ತಾರೆ. ಬಸವಣ್ಣ ಹುಟ್ಟಿದ್ದು ಬಾಗೇವಾಡಿಯ ಬ್ರಾಹ್ಮಣ ಮನೆಯಲ್ಲಿ ಎಂದು ಅವರ ಚರಿತ್ರೆ ಹೇಳಿದ ಕಾವ್ಯಗಳು ಹೇಳುತ್ತವೆ. ಬಚ್ಚಲು ಎಲ್ಲಿದೆ, ಹೊಸ್ತಿಲು ಎಲ್ಲಿದೆ ಎಂಬುದನ್ನು ಬಲ್ಲವರ ಬರಹ ಇದು.

ಉಪನ್ಯಾಸಕರ ಅರ್ಥ ಇಟ್ಟು ಓದಿದರೆ ಇದೆಲ್ಲ ಏನಾಗುತ್ತದೆ? ಕಿಚ್ಚು ಕಾಮವಾದರೆ ‘ಹವಿಯನಿಕ್ಕುವ ಹಾರುವರು’ ಯಾರು? ಕರೆಸಿಕೊಂಡ ‘ಎಲ್ಲರು’ ಯಾರು? ಟೀಕೆ ಯಾರಿಗೂ ತಾಗದೆ ಹೋಗುತ್ತದೆ. ಬಹುಶಃ ಆ ಅರ್ಥದ ಅನುಕೂಲವೂ ಅದೇ.

ಹಾಗಂತ ಅವರನ್ನು ಪೂರಾ ತಳ್ಳಿಹಾಕುವಂತಿಲ್ಲ. 12ನೆಯ ಶತಮಾನದ ಬಿಡಿ ವಚನಗಳನ್ನು 15ನೆಯ ಶತಮಾನದಲ್ಲಿ ಶೂನ್ಯಸಂಪಾದನೆಯಂಥ ಕೃತಿಗಳು ಸಂವಾದದ ಸರದಲ್ಲಿ ಪೋಣಿಸಿದವು, ಅರ್ಥ ಬಿಡಿಸುವ ಟೀಕುಗಳೂ ಹುಟ್ಟಿದವು. ಗೂಢಾರ್ಥ ಹುಡುಕುವ ರೂಢಿ ಅಲ್ಲಿಂದ ಬಂದದ್ದು, ಮತ್ತು ಒಗಟಿನಂತೆ ಮಾತಾಡುವ ಬೆಡಗಿನ ವಚನಗಳಿಗೆ ಅದು ಬೇಕೇ ಬೇಕು. ವ್ಯತ್ಯಾಸ ತಿಳಿಯಲು ನಾನು ಮಾಡುವುದಿಷ್ಟೇ: ವಚನದಲ್ಲಿ ಬಂದ ವಸ್ತು ಲೋಕದಲ್ಲಿ ನಡೆದುಕೊಳ್ಳುವ ಹಾಗೇ ನಡೆದುಕೊಳ್ಳುತ್ತಿದೆಯೇ ನೋಡುತ್ತೇನೆ. ‘ಬೆಟ್ಟಕ್ಕೆ ಚಳಿಯಾದಡೆ ಏನ ಹೊದಿಸುವರಯ್ಯಾ’ ಎಂದು ಅಲ್ಲಮ ಕೇಳಿದಾಗ ನಿಲ್ಲಲೇಬೇಕು, ಬೆಟ್ಟಕ್ಕೆ ಚಳಿಯಾಗುವುದಿಲ್ಲವಲ್ಲ. ಆದರೆ ಬೆಂಕಿ ಸುಡುತ್ತದೆ, ನೀರು ಆರಿಸುತ್ತದೆ, ಜನ ಕೂಗುತ್ತಾರೆ. ಅಲ್ಲಿ ಬಿಡಿಸಲು ಒಗಟೇ ಇಲ್ಲ.

ಒಂದು ಎಚ್ಚರಿಕೆ ನಿಮಗೂ ಹೇಳಬೇಕು. ಸರಳ ಓದು ಅವಸರದ ಓದಾದರೆ ಬಸವಣ್ಣನವರನ್ನು ದೇವರನ್ನೇ ಒಪ್ಪದವರನ್ನಾಗಿ ಮಾಡಿಬಿಡುತ್ತದೆ. ಈ ದೂರು ಹೇಳುತ್ತಿರುವುದೇ ಕೂಡಲಸಂಗಮದೇವನ ಮುಂದೆ. ಆ ಅಂಕಿತವನ್ನು ಸಹಿಯೆಂದು ಬಿಟ್ಟು ಓದಿದರೆ ಅರ್ಧ ವಚನ ಹೋಯಿತು. ಕಷ್ಟ ಬಂದಾಗ ಬೈಸಿಕೊಳ್ಳುವುದು ದೈವವಲ್ಲ ಎನ್ನುವವರಿಗೆ ಬೈಸಿಕೊಳ್ಳದ ಒಂದು ದೈವ ಇದೆ.

ಪದಕ್ಕೆ ಪದ ಹಿಡಿದು ಓದುವ ಅಭ್ಯಾಸ ಇನ್ನೊಂದು ಕಡೆಯೂ ಕೆಲಸಕ್ಕೆ ಬರುತ್ತದೆ. ‘ಹಬ್ಬಕ್ಕೆ ತಂದ ಹರಕೆಯ ಕುರಿ ತೋರಣಕ್ಕೆ ತಂದ ತಳಿರ ಮೇಯಿತ್ತು’ ಎಂಬ ವಚನ ನಿಮಗೆ ಗೊತ್ತೇ ಇರುತ್ತದೆ. ಅದರ ಕೊನೆಯ ‘ಕೊಂದವರುಳಿದರೆ ಕೂಡಲಸಂಗಮದೇವಾ’ ಎಂಬುದನ್ನು ‘ಒಂದು ವೇಳೆ ಉಳಿದರೆ’ ಎಂದು ಓದಿ ವಾಕ್ಯ ಮುಗಿಯಲೇ ಇಲ್ಲವಲ್ಲ ಎಂದು ತಡವರಿಸಿದವರನ್ನು ಕಂಡಿದ್ದೇನೆ. ಅದು ಪ್ರಶ್ನೆ. ‘ಉಳಿದರೇ?’ ಎಂದು ಕೊನೆಯ ಸ್ವರ ಎಳೆದು ಒಮ್ಮೆ ಗಟ್ಟಿಯಾಗಿ ಓದಿ ನೋಡಿ.

– ಸಂ.