ಪ್ಲೂರಲ್ ಪ್ಲಾಕ್ ಇದ್ದರೆ ಕ್ಯಾನ್ಸರ್ ಬರುತ್ತಾ?

ಪ್ರಶ್ನೆ: ಅಪ್ಪ 1984ರಿಂದ 1992ರವರೆಗೆ ಆಸ್ಬೆಸ್ಟಾಸ್ ಶೀಟ್ ಕಾರ್ಖಾನೆಯಲ್ಲಿದ್ದರು. ಈಗ ಸಿಟಿ ಸ್ಕ್ಯಾನಿನಲ್ಲಿ ಪ್ಲೂರಲ್ ಪ್ಲಾಕ್ ಅಂತ ಬಂದಿದೆ. ಇದೇ ಮುಂದೆ ಮೀಸೋಥೆಲಿಯೋಮಾ ಆಗುತ್ತಾ?

ಉತ್ತರ: ಇಲ್ಲ, ಪ್ಲಾಕ್ ಕ್ಯಾನ್ಸರ್ ಆಗಿ ಬದಲಾಗುವುದಿಲ್ಲ. ಅದು ಶ್ವಾಸಕೋಶದ ಸುತ್ತಲಿನ ಪೊರೆಯ ಮೇಲೆ ಅಲ್ಲಲ್ಲಿ ಗಟ್ಟಿಯಾದ ಕಲೆ, ಎಷ್ಟೋ ಸಲ ಸುಣ್ಣಗಟ್ಟಿರುತ್ತದೆ, ಸಾಮಾನ್ಯವಾಗಿ ಎರಡೂ ಕಡೆ ಇರುತ್ತದೆ, ನೋವೂ ಇರುವುದಿಲ್ಲ. ಆದರೆ ಆಸ್ಬೆಸ್ಟಾಸ್ ಧೂಳು ಒಳಗೆ ಹೋಗಿದೆ ಅನ್ನುವುದಕ್ಕೆ ಅದು ಸಾಕ್ಷಿ, ಹಾಗಾಗಿ ಮೀಸೋಥೆಲಿಯೋಮಾದ ಅಪಾಯ ಬೇರೆಯವರಿಗಿಂತ ಜಾಸ್ತಿ. ಹಾಗಂತ ಅದು ಬಂದೇ ಬರುತ್ತದೆ ಅಂತಲ್ಲ, ಬಹುತೇಕರಿಗೆ ಬರುವುದಿಲ್ಲ.

ಮೀಸೋಥೆಲಿಯೋಮಾ ಅದೇ ಪೊರೆಯ ಕ್ಯಾನ್ಸರ್. ಹೆಚ್ಚಾಗಿ ಎದೆಯ ಒಂದೇ ಕಡೆ ನೀರು ತುಂಬುತ್ತದೆ, ಬಿಡದ ಎದೆನೋವು, ಏದುಸಿರು, ತೂಕ ಇಳಿಯುವುದು.

ತೊಂದರೆ ಇರುವುದು ಕಾಲದಲ್ಲಿ. ಧೂಳು ಕುಡಿದು 20ರಿಂದ 50 ವರ್ಷ ಆದಮೇಲೆ ಇದು ಕಾಣಿಸಿಕೊಳ್ಳುತ್ತದೆ. ಅಷ್ಟರಲ್ಲಿ ಕೆಲಸ ಬಿಟ್ಟು ಎಷ್ಟೋ ಕಾಲವಾಗಿರುತ್ತದೆ, ಡಾಕ್ಟರು ಏನು ಕೆಲಸ ಅಂತ ಕೇಳಿದರೆ 'ರಿಟೈರ್ಡ್' ಅಂತಾರೆ, ಅಲ್ಲಿಗೆ ಮುಗೀತು. ನಮ್ಮಲ್ಲಿ ಎದೆಯಲ್ಲಿ ನೀರು ಅಂದ ತಕ್ಷಣ ಟಿಬಿ ಇರಬಹುದು ಅಂದುಕೊಳ್ಳುವುದು ಸಹಜ, ಟಿಬಿ ಅಷ್ಟು ಸಾಮಾನ್ಯ. ಆ ನೀರನ್ನು ತೆಗೆದು ಪರೀಕ್ಷಿಸಿದರೂ ಕ್ಯಾನ್ಸರ್ ಜೀವಕೋಶ ಸಿಗದೇ ಹೋಗಬಹುದು. ಖಚಿತವಾಗಬೇಕಾದರೆ ಸಾಮಾನ್ಯವಾಗಿ ಪೊರೆಯ ತುಣುಕು ತೆಗೆದು ಬಯಾಪ್ಸಿ ಮಾಡಬೇಕು.

ಅಪ್ಪನಿಗೆ ಈಗ ಪ್ಲಾಕ್‌ಗೆ ಚಿಕಿತ್ಸೆ ಬೇಕಿಲ್ಲ. ಯಾವ ವರ್ಷ, ಯಾವ ವಿಭಾಗ, ಶೀಟ್ ಕತ್ತರಿಸುತ್ತಿದ್ದರಾ ಅನ್ನುವುದನ್ನು ಬರೆದು ಫೈಲಿನಲ್ಲಿಡಿ. ಧೂಳು ಹಿಡಿದ ಅವರ ಬಟ್ಟೆ ಒಗೆಯುತ್ತಿದ್ದ ಅಮ್ಮನೂ ಅದನ್ನು ಕುಡಿದಿರಬಹುದು, ಅವರ ಫೈಲಿನಲ್ಲೂ ಬರೆದಿಡಿ.